ಬಿಂದುಗಳು ತಾಳೆಯಾದರೂ ಉತ್ತರ ತಪ್ಪಾಗುವುದು ಹೇಗೆ?

ಪ್ರಶ್ನೆ: ವೃತ್ತದ ಸಮೀಕರಣ ಕಂಡುಹಿಡಿದ ಮೇಲೆ ಕೊಟ್ಟ ಬಿಂದುಗಳನ್ನು ಅದರಲ್ಲಿ ಆದೇಶಿಸಿ ನೋಡುತ್ತೇನೆ. ಸೊನ್ನೆ ಬಂದರೆ ಉತ್ತರ ಸರಿ ಎಂದುಕೊಳ್ಳಬಹುದೇ?

ಉತ್ತರ: ಸೊನ್ನೆ ಬರದಿದ್ದರೆ ಉತ್ತರ ತಪ್ಪು, ಅದರಲ್ಲಿ ಅನುಮಾನವಿಲ್ಲ. ಆದರೆ ಸೊನ್ನೆ ಬಂದ ಮಾತ್ರಕ್ಕೆ ಸರಿ ಎನ್ನಲಾಗದು. ಒಂದು ಲೆಕ್ಕವನ್ನೇ ನೋಡೋಣ. ವೃತ್ತವು (1, 2) ಮತ್ತು (5, 4) ಬಿಂದುಗಳ ಮೂಲಕ ಹಾದುಹೋಗುತ್ತದೆ; ಕೇಂದ್ರವು x + y = 5 ರೇಖೆಯ ಮೇಲಿದೆ.

x² + y² + 2gx + 2fy + c = 0 ಎಂದು ಹಿಡಿದು ಎರಡೂ ಬಿಂದುಗಳನ್ನು ಆದೇಶಿಸಿ ಕಳೆದರೆ 2g + f = −9 ಸಿಗುತ್ತದೆ. ಕೇಂದ್ರ (−g, −f) ಆದ್ದರಿಂದ ಇನ್ನೊಂದು ಸಂಬಂಧ g + f = −5. ಇಲ್ಲಿಯೇ ಅನೇಕರು ಚಿಹ್ನೆ ಮರೆತು g + f = 5 ಎಂದು ಬರೆಯುತ್ತಾರೆ. ಆಗ g = −14, f = 19, c = −53 ಬಂದು ಉತ್ತರ ಹೀಗಾಗುತ್ತದೆ:

x² + y² − 28x + 38y − 53 = 0

ಇದನ್ನು ಪರೀಕ್ಷಿಸಿ. (1, 2) ಹಾಕಿದರೆ 1 + 4 − 28 + 76 − 53 = 0. (5, 4) ಹಾಕಿದರೆ 25 + 16 − 140 + 152 − 53 = 0. ಎರಡೂ ತಾಳೆಯಾದವು, ಆದರೂ ಉತ್ತರ ತಪ್ಪು! ಎರಡು ಬಿಂದುಗಳ ಮೂಲಕ ಲೆಕ್ಕವಿಲ್ಲದಷ್ಟು ವೃತ್ತಗಳು ಹಾದುಹೋಗುತ್ತವೆ. ನಮಗೆ ಸಿಕ್ಕಿದ್ದು ಅವುಗಳಲ್ಲೊಂದು, ಬೇಕಾದದ್ದಲ್ಲ. ಕೇಂದ್ರ (14, −19) ಎಂದು ಓದಿ ಕೂಡಿದರೆ −5 ಬರುತ್ತದೆ, 5 ಅಲ್ಲ. ಅಲ್ಲಿ ತಪ್ಪು ಸಿಕ್ಕಿಬೀಳುತ್ತದೆ. ಪ್ರಶ್ನೆಯಲ್ಲಿ ಮೂರು ನಿಬಂಧನೆಗಳಿದ್ದರೆ ಮೂರನ್ನೂ ಪರೀಕ್ಷಿಸಲೇಬೇಕು. ಸರಿಯಾದ ಉತ್ತರ x² + y² − 8x − 2y + 7 = 0; ಇದರ ಕೇಂದ್ರ (4, 1).

ಸರಳರೇಖೆಯಲ್ಲಿಯೂ ಇದೇ ಅಪಾಯವಿದೆ. (2, 3) ಮೂಲಕ 3x + 4y = 5 ಕ್ಕೆ ಲಂಬವಾದ ರೇಖೆ ಕೇಳಿದಾಗ 3x + 4y = 18 ಎಂದು ಬರೆದರೂ ಬಿಂದು ತಾಳೆಯಾಗುತ್ತದೆ; ಆದರೆ ಅದು ಸಮಾಂತರ ರೇಖೆ.

ಇನ್ನು ಸೊನ್ನೆ ಬರದಿದ್ದರೆ, ಇಡೀ ಲೆಕ್ಕವನ್ನು ಹೊಡೆದುಹಾಕುವ ಮೊದಲು ಬಂದ ಸಂಖ್ಯೆಗಳನ್ನು ಗಮನಿಸಿ. ನನಗೆ ಬಹಳ ಪ್ರಿಯವಾದ ಭಾಗ ಇದು. ಮೇಲಿನ ಸರಿಯುತ್ತರದಲ್ಲಿ +7 ರ ಬದಲು −7 ಬರೆದಿದ್ದರೆ ಎರಡೂ ಬಿಂದುಗಳಲ್ಲಿ −14 ಉಳಿಯುತ್ತದೆ. ಎಲ್ಲೆಡೆ ಒಂದೇ ಸಂಖ್ಯೆ ಉಳಿದರೆ ಮೊದಲು ಸ್ಥಿರಾಂಕವನ್ನು ಶಂಕಿಸಿ. −2y ಬದಲು +2y ಬರೆದಿದ್ದರೆ ಕ್ರಮವಾಗಿ 8 ಮತ್ತು 16 ಉಳಿಯುತ್ತವೆ. ಬಿಂದುಗಳ y ಬೆಲೆಗಳು 2 ಮತ್ತು 4. ಉಳಿಕೆಗಳು ಅದೇ ಅನುಪಾತದಲ್ಲಿವೆ. ಹಾಗಾದರೆ ನೋಡಬೇಕಾದದ್ದು y ಯ ಸಹಗುಣಕವನ್ನು. ಎರಡು ಮೂರು ತಪ್ಪುಗಳು ಒಟ್ಟಿಗೆ ಸೇರಿದ್ದರೆ ಈ ಸುಳಿವು ಸಿಗುವುದಿಲ್ಲ. ಆಗ ಮೊದಲ ಸಾಲಿನಿಂದಲೇ ನೋಡಬೇಕು. ಪರೀಕ್ಷಿಸುವಾಗ ಬಿಂದುಗಳನ್ನು ನಿಮ್ಮ ಹಾಳೆಯಿಂದಲ್ಲ, ಪ್ರಶ್ನೆಪತ್ರಿಕೆಯಿಂದಲೇ ಓದಿಕೊಳ್ಳಿ. (5, 4) ಅನ್ನು (4, 5) ಎಂದು ನಕಲು ಮಾಡಿಕೊಂಡಿದ್ದರೆ ನಿಮ್ಮ ಹಾಳೆ ಆ ತಪ್ಪನ್ನು ಎಂದಿಗೂ ತೋರಿಸದು.