ಒಂದು ಇಂಧನ, ಎರಡು ಟರ್ಬೈನ್

ಕಲ್ಲಿದ್ದಲು ಸ್ಥಾವರದ ಬಾಯ್ಲರಿನಲ್ಲಿ ಜ್ವಾಲೆಯ ಉಷ್ಣಾಂಶ 1,500 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು. ಆದರೆ ಟರ್ಬೈನಿಗೆ ಹೋಗುವ ಹಬೆ ಸಾಮಾನ್ಯವಾಗಿ 540ರಿಂದ 600 ಡಿಗ್ರಿಯಷ್ಟೇ ಇರುತ್ತದೆ. ಅದಕ್ಕಿಂತ ಬಿಸಿಯಾದರೆ, ಒಳಗಿನ ಭಾರೀ ಒತ್ತಡವನ್ನು ಉಕ್ಕಿನ ಕೊಳವೆಗಳು ವರ್ಷಗಟ್ಟಲೆ ತಾಳಲಾರವು. ಜ್ವಾಲೆಗೂ ಹಬೆಗೂ ನಡುವಿನ ಆ ಸಾವಿರ ಡಿಗ್ರಿಯ ಇಳಿತದಿಂದ ಒಂದು ಯೂನಿಟ್ ವಿದ್ಯುತ್ತೂ ಸಿಗುವುದಿಲ್ಲ. ಶಾಖದ ಪ್ರಮಾಣ ಅಷ್ಟೇ ಇದ್ದರೂ ಅದರಿಂದ ಕೆಲಸ ತೆಗೆಯುವ ಅವಕಾಶ ಅಲ್ಲಿಯೇ ಕೈತಪ್ಪುತ್ತದೆ.

ಗ್ಯಾಸ್ ಟರ್ಬೈನಿನ ಹಿಂದೆ ಹಬೆ ಟರ್ಬೈನ್ ಜೋಡಿಸಿದ ಕಂಬೈನ್ಡ್ ಸೈಕಲ್ ಸ್ಥಾವರ ಈ ಇಳಿತವನ್ನೇ ದುಡಿಸಿಕೊಳ್ಳುತ್ತದೆ. ಗ್ಯಾಸ್ ಟರ್ಬೈನಿನಲ್ಲಿ ಉರಿದ ಅನಿಲವೇ ನೇರವಾಗಿ ಬ್ಲೇಡುಗಳನ್ನು ತಿರುಗಿಸುತ್ತದೆ. ಶಾಖ ಕೊಳವೆಯ ಗೋಡೆ ದಾಟಬೇಕಿಲ್ಲ. ಬ್ಲೇಡುಗಳ ಒಳಗಿನ ಸಣ್ಣ ರಂಧ್ರಗಳಲ್ಲಿ ಕಂಪ್ರೆಸರಿನ ಗಾಳಿ ಹರಿಸಿ, ಮೇಲೆ ಸೆರಾಮಿಕ್ ಲೇಪ ಕೊಟ್ಟಿರುವುದರಿಂದ ಲೋಹ ಕರಗದೆ 1,500 ಡಿಗ್ರಿಯ ಅನಿಲವನ್ನು ತಡೆಯುತ್ತದೆ. ಕಲ್ಲಿದ್ದಲನ್ನು ಹೀಗೆ ನೇರವಾಗಿ ಉರಿಸಿದರೆ ಬೂದಿ ಬ್ಲೇಡುಗಳನ್ನು ಸವೆಸಿ, ಆ ರಂಧ್ರಗಳನ್ನೂ ಕಟ್ಟಿಬಿಡುತ್ತದೆ.

ಲೆಕ್ಕಕ್ಕೆ 100 ಮೆಗಾವ್ಯಾಟ್ ಇಂಧನ ಶಕ್ತಿ ಹಿಡಿಯೋಣ. ಗ್ಯಾಸ್ ಟರ್ಬೈನ್ ಸುಮಾರು 40 ಮೆಗಾವ್ಯಾಟ್ ವಿದ್ಯುತ್ ಕೊಡುತ್ತದೆ. ಉಳಿದದ್ದರಲ್ಲಿ ಬಹುಪಾಲು 600 ಡಿಗ್ರಿಗೂ ಮೇಲಿನ ಬಿಸಿಹೊಗೆಯಲ್ಲಿದೆ. ಹಬೆ ಟರ್ಬೈನಿಗೆ ಬೇಕಾದ ಬಿಸಿ ಅಷ್ಟೇ. ಶಾಖ ಮರುಬಳಕೆಯ ಬಾಯ್ಲರ್ ಅದರಿಂದ ಸುಮಾರು 50 ಮೆಗಾವ್ಯಾಟ್ ಹೀರಿಕೊಂಡರೆ ಹಬೆ ಟರ್ಬೈನ್ 20 ಕೊಡುತ್ತದೆ. ಒಟ್ಟು 60. ಅತಿ ಹೆಚ್ಚು ಒತ್ತಡದ ಹಬೆಯಲ್ಲಿ ನಡೆಯುವ ಒಳ್ಳೆಯ ಸೂಪರ್‌ಕ್ರಿಟಿಕಲ್ ಕಲ್ಲಿದ್ದಲು ಸ್ಥಾವರ ಅದೇ 100ರಿಂದ 40ರ ಆಸುಪಾಸು ತೆಗೆಯುತ್ತದೆ. ಫ್ರಾನ್ಸಿನ ಬುಶಾಂ ಕಂಬೈನ್ಡ್ ಸೈಕಲ್ ಸ್ಥಾವರ 2016ರಲ್ಲಿ ಶೇ 62.22 ದಕ್ಷತೆ ದಾಖಲಿಸಿತು.

ಹಬೆ ಟರ್ಬೈನಿನ ಈ ಎರಡನೆಯ ಪಾಲು ಎಷ್ಟು ಸಿಗುತ್ತದೆಂಬುದು ಬಾಯ್ಲರಿನ ವಿನ್ಯಾಸದಲ್ಲಿದೆ. 100 ಬಾರ್ ಒತ್ತಡದಲ್ಲಿ ನೀರು ಕುದಿಯುವುದು 311 ಡಿಗ್ರಿಯಲ್ಲಿ. ಹಾಗಾಗಿ ಹೊಗೆ ಸುಮಾರು 320ಕ್ಕೆ ಇಳಿದ ಮೇಲೆ ಆ ಒತ್ತಡದಲ್ಲಿ ಹಬೆ ಎಬ್ಬಿಸಲಾರದು, ನೀರನ್ನು ಕಾಯಿಸಬಲ್ಲದು ಅಷ್ಟೇ. ಒಂದೇ ಒತ್ತಡದ ಬಾಯ್ಲರಿನಲ್ಲಿ ಹೊಗೆ 140 ಡಿಗ್ರಿಯಷ್ಟು ಬಿಸಿಯಾಗಿಯೇ ಚಿಮಣಿ ಸೇರುವುದು ಇದಕ್ಕೇ. ಅದಕ್ಕೇ ದೊಡ್ಡ ಸ್ಥಾವರಗಳಲ್ಲಿ ಮೂರು ಒತ್ತಡದ ಹಂತಗಳಿರುತ್ತವೆ: ಕಡಿಮೆ ಒತ್ತಡದ ನೀರು ಕಡಿಮೆ ಬಿಸಿಯಲ್ಲೂ ಕುದಿಯುತ್ತದೆ, ಚಿಮಣಿಯ ಹೊಗೆ 80–90 ಡಿಗ್ರಿಗೆ ಇಳಿಯುತ್ತದೆ.

ಇನ್ನೂ ಇಳಿಸುವ ಆಸೆಗೆ ಬೀಳಬಾರದು. ಒಳಬರುವ ನೀರು 55 ಡಿಗ್ರಿಗಿಂತ ತಣ್ಣಗಿದ್ದರೆ ಹೊಗೆಯ ತೇವಾಂಶ ಕೊನೆಯ ಕೊಳವೆಗಳ ಮೇಲೆ ಹನಿಗಟ್ಟಿ ತುಕ್ಕು ಹಿಡಿಸುತ್ತದೆ. ಬಿಸಿಯಾದ ನೀರಿನ ಒಂದಂಶವನ್ನು ಪಂಪಿನಿಂದ ಹಿಂದಕ್ಕೆ ತಂದು ಬೆರೆಸುವುದು ಈ ಕಾರಣಕ್ಕೆ. ತುಕ್ಕಿನ ಪುಡಿ ಕೊಳವೆಯ ರೆಕ್ಕೆಗಳ ನಡುವೆ ತುಂಬಿದರೆ ಮೂರು ಮೀಟರುಗಳು ಒಟ್ಟಿಗೆ ಹೇಳುತ್ತವೆ: ಅದೇ ಲೋಡಿನಲ್ಲಿ ಚಿಮಣಿಯ ಬಿಸಿ ಏರುತ್ತದೆ, ಹಬೆಯ ಹರಿವು ಇಳಿಯುತ್ತದೆ, ಗ್ಯಾಸ್ ಟರ್ಬೈನಿನಿಂದ ಹೊಗೆ ಹೊರಬೀಳುವ ಕಡೆಯ ಒತ್ತಡ ಹೆಚ್ಚುತ್ತದೆ. ಈ ಕೊನೆಯದನ್ನು ಕಡೆಗಣಿಸಬೇಡಿ. ಅದರಿಂದ ಗ್ಯಾಸ್ ಟರ್ಬೈನಿನ ಉತ್ಪಾದನೆಯೂ ತಗ್ಗುತ್ತದೆ.