ಪದ ಪರಿಚಯ: ಲ್ಯಾಕ್ಟೇಟ್ ಟಾಲರೆನ್ಸ್

ತಾಲ್ಲೂಕು ಕ್ರೀಡಾಕೂಟಗಳ ಸೀಸನ್ ಶುರುವಾಯಿತು ಅಂದರೆ ಈ ಮಾತು ಕಿವಿಗೆ ಬೀಳುತ್ತಲೇ ಇರುತ್ತದೆ. ನಿನ್ನೆ 800 ಮೀಟರ್ ಓಡಿದ ಹುಡುಗನಿಗೆ ಇವತ್ತು ತೊಡೆ ಹಿಡಿದುಕೊಂಡಿದೆ. "ಲ್ಯಾಕ್ಟಿಕ್ ಆಸಿಡ್ ನಿಂತುಬಿಟ್ಟಿದೆ, ಚೆನ್ನಾಗಿ ತಿಕ್ಕಿ ಇಳಿಸಬೇಕು" ಅಂತ ಯಾರೋ ಹೇಳುತ್ತಾರೆ. ಪಕ್ಕದಲ್ಲಿದ್ದವರು, "ಇನ್ನೂ ಜಾಸ್ತಿ ಓಡಿಸಿ, ಟಾಲರೆನ್ಸ್ ಬರುತ್ತೆ" ಅನ್ನುತ್ತಾರೆ. ಎರಡು ಮಾತೂ ತಪ್ಪು. ಎರಡನೆಯದರಿಂದ ಮಕ್ಕಳ ಓಟವೇ ಕೆಡುತ್ತದೆ, ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು ಅನಿಸಿತು.

ಮೊದಲು ಹೆಸರಿನ ವಿಚಾರ. 1780ರಲ್ಲಿ ಸ್ವೀಡನ್ನಿನಲ್ಲಿದ್ದ ರಸಾಯನ ವಿಜ್ಞಾನಿ ಕಾರ್ಲ್ ಶೀಲೆ ಹುಳಿಯಾದ ಹಾಲಿನಿಂದ ಒಂದು ಆಮ್ಲವನ್ನು ಬೇರ್ಪಡಿಸಿದ. ಲ್ಯಾಟಿನ್‌ನಲ್ಲಿ ಹಾಲಿಗೆ 'ಲ್ಯಾಕ್' ಅನ್ನುತ್ತಾರೆ, ಅದರಿಂದ ಲ್ಯಾಕ್ಟಿಕ್ ಅನ್ನುವ ಹೆಸರು ಬಂತು. ನಮ್ಮ ಮೊಸರು, ಹುಳಿ ಮಜ್ಜಿಗೆಯಲ್ಲಿ ಇರುವುದೂ ಅದೇ ಆಮ್ಲ. 1907ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಫ್ಲೆಚರ್ ಮತ್ತು ಹಾಪ್ಕಿನ್ಸ್ ಅನ್ನುವ ವಿಜ್ಞಾನಿಗಳು ಕಪ್ಪೆಯ ಸ್ನಾಯುಗಳನ್ನು ಬೇರ್ಪಡಿಸಿ, ದಣಿಯುವ ತನಕ ಮಿಡಿಸಿ ನೋಡಿದರು. ದಣಿದ ಸ್ನಾಯುವಿನಲ್ಲಿ ಈ ಆಮ್ಲ ಜಾಸ್ತಿ ಇತ್ತು. ಆಮ್ಲಜನಕ ಕೊಟ್ಟಾಗ ಕಡಿಮೆಯಾಯಿತು. ಆಮ್ಲಜನಕ ಸಾಲದೆ ಹೋದಾಗ ಹುಟ್ಟುವ ಕಸ ಇದು, ಸುಸ್ತಿಗೆ ಇದೇ ಕಾರಣ ಅನ್ನುವ ಕಥೆ ಅಲ್ಲಿಂದ ಬೇರು ಬಿಟ್ಟಿತು. ಆದರೆ ಆ ಸ್ನಾಯುವಿಗೆ ರಕ್ತದ ಹರಿವೇ ಇರಲಿಲ್ಲ. ಹುಟ್ಟಿದ್ದು ಹೊರಗೆ ಹೋಗಲು ದಾರಿಯೇ ಇಲ್ಲದ ಕಡೆ ಕಂಡದ್ದನ್ನು ಓಡುವ ಮನುಷ್ಯನ ಕಾಲಿಗೆ ಹಾಗೇ ಅಂಟಿಸಲಾಯಿತು.

ಓಡುವ ದೇಹದಲ್ಲಿ ಇರುವುದು ಬಹುಮಟ್ಟಿಗೆ ಲ್ಯಾಕ್ಟೇಟ್, ಅಂದರೆ ಆ ಆಮ್ಲ ತನ್ನ ಹೈಡ್ರೋಜನ್ ಅಯಾನನ್ನು ಬಿಟ್ಟುಕೊಟ್ಟ ಮೇಲೆ ಉಳಿಯುವ ರೂಪ. ಸ್ನಾಯು ಸಕ್ಕರೆಯನ್ನು ಬೇಗ ಬೇಗ ಒಡೆದು ಶಕ್ತಿ ತೆಗೆಯುವಾಗ ಇದು ಹುಟ್ಟುತ್ತದೆ. ಅದೇ ಹೊತ್ತಿಗೆ ಹೈಡ್ರೋಜನ್ ಅಯಾನುಗಳೂ ಸೇರಿಕೊಂಡು ಸ್ನಾಯುವಿನ ಒಳಗೆ ಹುಳಿ ಹೆಚ್ಚುತ್ತದೆ. ಕೊನೆಯ 150 ಮೀಟರ್‌ನಲ್ಲಿ ಕಾಲು ಉರಿದು ಕಲ್ಲಿನಂತಾಗುವುದರಲ್ಲಿ ಈ ಹುಳಿಗೆ ಪಾಲಿದೆ. ಅದೊಂದೇ ಕಾರಣವಲ್ಲ, ಶೇಖರವಾಗುವ ಫಾಸ್ಫೇಟ್ ಕೂಡ ಸ್ನಾಯುವಿನ ಹಿಡಿತವನ್ನು ಸಡಿಲ ಮಾಡುತ್ತದೆ. ಲ್ಯಾಕ್ಟೇಟ್ ಮಾತ್ರ ಕಸವಲ್ಲ, ಇಂಧನ. ಹೃದಯ ಅದನ್ನು ಉರಿಸುತ್ತದೆ, ಪಕ್ಕದ ಸ್ನಾಯು ತಂತುಗಳು ಉರಿಸುತ್ತವೆ, ಯಕೃತ್ತು ಅದನ್ನು ಮತ್ತೆ ಸಕ್ಕರೆ ಮಾಡುತ್ತದೆ. 1980ರ ದಶಕದಿಂದ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ವಿಜ್ಞಾನಿ ಜಾರ್ಜ್ ಬ್ರೂಕ್ಸ್ ಇದನ್ನು ಹೇಳುತ್ತಲೇ ಬಂದಿದ್ದಾರೆ. ನಮ್ಮ ಮೈದಾನಗಳಲ್ಲಿ ಇನ್ನೂ ಕಪ್ಪೆಯ ಕಥೆಯೇ ನಡೆಯುತ್ತಿದೆ.

ಮರುದಿನದ ನೋವಿಗೂ ಇದಕ್ಕೂ ಸಂಬಂಧ ಇಲ್ಲ. ಓಟ ಮುಗಿದು ಸುಮಾರು ಒಂದು ಗಂಟೆಯಲ್ಲಿ ರಕ್ತದ ಲ್ಯಾಕ್ಟೇಟ್ ಮೊದಲಿನ ಮಟ್ಟಕ್ಕೆ ಬಂದಿರುತ್ತದೆ. ನಿಧಾನ ಜಾಗಿಂಗ್ ಮಾಡಿದರೆ ಇನ್ನೂ ಬೇಗ. ನಾಳೆ ಬೆಳಗ್ಗೆ ತಿಕ್ಕಿ ಇಳಿಸಲು ಅಲ್ಲಿ ಏನೂ ಉಳಿದಿರುವುದಿಲ್ಲ. ನಂಬಿಕೆ ಬರದಿದ್ದರೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳನ್ನು ಆರಾಮಾಗಿ ಇಳಿದು ಬನ್ನಿ. ಏದುಸಿರು ಬರುವುದಿಲ್ಲ, ಲ್ಯಾಕ್ಟೇಟ್ ಏರುವುದೇ ಇಲ್ಲ ಅನ್ನಬಹುದು. ಆದರೂ ಎರಡು ದಿನ ತೊಡೆ ಹಿಡಿದುಕೊಂಡಿರುತ್ತದೆ. ಸ್ನಾಯು ಉದ್ದವಾಗುತ್ತಲೇ ಭಾರ ಹೊತ್ತಾಗ ಅದರ ಎಳೆಗಳಿಗೆ ಆಗುವ ಸಣ್ಣ ಸಣ್ಣ ಪೆಟ್ಟಿನ ನೋವು ಅದು.

ಹಾಗಾದರೆ ಟಾಲರೆನ್ಸ್ ಅಂದರೆ ಏನು? ಒಳಗೆ ಹುಳಿ ಏರುತ್ತಿದ್ದರೂ ರೇಸಿನ ವೇಗವನ್ನು ಬಿಟ್ಟುಕೊಡದೆ ಓಡುವ ಶಕ್ತಿ, ಅಷ್ಟೇ. ಅಭ್ಯಾಸದಿಂದ ಸ್ನಾಯು ಹುಳಿಯನ್ನು ತಗ್ಗಿಸಿಕೊಳ್ಳುವುದನ್ನು ಕಲಿಯುತ್ತದೆ, ಲ್ಯಾಕ್ಟೇಟನ್ನು ಹೊರಗೆ ಸಾಗಿಸುವ ಪ್ರೋಟೀನುಗಳು ಹೆಚ್ಚುತ್ತವೆ, ಕಾಲು ಭಾರವಾದಾಗಲೂ ಓಟದ ಭಂಗಿ ಕೆಡದಂತೆ ಮೈ ಪಳಗುತ್ತದೆ. ನೋವು ಸಹಿಸುವ ಛಲಕ್ಕೆ ಈ ಹೆಸರಲ್ಲ. ವಾಂತಿ ಆಗುವ ತನಕ ಓಡಿಸುವುದಕ್ಕಂತೂ ಅಲ್ಲವೇ ಅಲ್ಲ.

ಇದರ ಜೊತೆಗೇ ಬಳಕೆಯಾಗುವ ಸ್ಪೀಡ್ ಎಂಡ್ಯೂರೆನ್ಸ್ ಬೇರೆಯದು. ಪೂರ್ತಿ ವೇಗದ ಹತ್ತಿರ ಹೋಗಿ ಅದನ್ನು 100, 150 ಮೀಟರ್ ತನಕ ಹಿಡಿದಿಡುವುದು ಅದು. 150 ಮೀಟರಿನ 4 ಓಟ, ನಡುವೆ ಐದಾರು ನಿಮಿಷ ಪೂರ್ತಿ ವಿಶ್ರಾಂತಿ, ಇಷ್ಟು ಸಾಕು. ಲ್ಯಾಕ್ಟೇಟ್ ಟಾಲರೆನ್ಸ್‌ಗೆ ಓಡುವ ತುಂಡುಗಳು ಉದ್ದ, 300ರಿಂದ 600 ಮೀಟರ್. ವೇಗ ರೇಸಿನದ್ದೇ, ಇಲ್ಲವೇ ಒಂದು ಚೂರು ಜಾಸ್ತಿ.

ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ ಅಂತ ಇಟ್ಟುಕೊಳ್ಳಿ. 400 ಮೀಟರನ್ನು 58 ಸೆಕೆಂಡಿನಲ್ಲಿ ಓಡುತ್ತಾನೆ. 800ಕ್ಕೆ 2 ನಿಮಿಷ 16 ಸೆಕೆಂಡ್. ಪ್ರತಿ 200ಕ್ಕೆ ಸ್ಟಾಪ್‌ವಾಚ್ ಒತ್ತಿದರೆ 29, 33, 36, 38 ಅಂತ ಬರುತ್ತದೆ. ನೋಡಿದವರೆಲ್ಲ "ಸ್ಟ್ಯಾಮಿನಾ ಇಲ್ಲ" ಅನ್ನುತ್ತಾರೆ. ಮರುದಿನದಿಂದ ಅವನಿಗೆ 200 ಮೀಟರಿನ 12 ಓಟ, ನಡುವೆ ಅರ್ಧ ನಿಮಿಷ ವಿಶ್ರಾಂತಿ. ಆರನೇ ಓಟಕ್ಕೇ ಅವನ 200 ಮೀಟರಿನ ಸಮಯ 36 ಸೆಕೆಂಡಿಗೆ ಏರಿರುತ್ತದೆ. ಉಳಿದ ಆರು ಓಟಗಳಲ್ಲಿ ಅವನು ಕಲಿಯುವುದೇನು? ಸುಸ್ತಾದಾಗ ನಿಧಾನವಾಗಿ, ಭುಜ ಎತ್ತಿಕೊಂಡು, ಮಂಡಿ ಏಳಿಸದೆ ಓಡುವುದನ್ನು. ಅದು ಅವನಿಗೆ ಆಗಲೇ ಚೆನ್ನಾಗಿ ಬರುತ್ತದೆ, ರೇಸಿನ ಕೊನೆಯಲ್ಲಿ ಮಾಡುತ್ತಿರುವುದೂ ಅದನ್ನೇ.

ಅವನ ಗುರಿ 2 ನಿಮಿಷ 10 ಸೆಕೆಂಡ್ ಅನ್ನೋಣ. ಅಂದರೆ 31, 33, 33, 33. ಇದಕ್ಕೆ ಮೊದಲು ಬೇಕಿರುವುದು ವಾರದಲ್ಲಿ ಮೂರ್ನಾಲ್ಕು ದಿನ, ಮಾತಾಡಿಕೊಂಡು ಓಡುವಷ್ಟು ಆರಾಮದ ಅರ್ಧ ಗಂಟೆಯ ಓಟ. 800 ಮೀಟರಿಗೆ ಬೇಕಾದ ಶಕ್ತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಆಮ್ಲಜನಕ ಬಳಸಿಯೇ ಬರುತ್ತದೆ. ಆ ಭಾಗ ಬಲವಾಗಿದ್ದರೆ ಹುಳಿ ತಡವಾಗಿ ಏರುತ್ತದೆ. ಎರಡು ಮೂರು ತಿಂಗಳು ಇದು ನಡೆದ ಮೇಲೆ, ಕೂಟಕ್ಕೆ ಐದಾರು ವಾರ ಇರುವಾಗ, ವಾರಕ್ಕೆ ಒಂದೇ ಒಂದು ದಿನ ಟಾಲರೆನ್ಸ್ ಅಭ್ಯಾಸ. ಮೊದಲ ವಾರಗಳಲ್ಲಿ 300 ಮೀಟರಿನ 3 ಓಟ, ಪ್ರತಿಯೊಂದೂ 48 ಸೆಕೆಂಡಿಗೆ, ನಡುವೆ 5 ನಿಮಿಷ ನಡಿಗೆ. ಅದು ಹಿಡಿತಕ್ಕೆ ಬಂದ ಮೇಲೆ 500 ಮೀಟರನ್ನು 80, 81 ಸೆಕೆಂಡಿಗೆ ಓಡಿ, 3 ನಿಮಿಷ ನಡೆದು, ಮತ್ತೆ 300 ಮೀಟರನ್ನು 50ರ ಒಳಗೆ ಮುಗಿಸುವುದು. ಈ ಕೊನೆಯ 300ರಲ್ಲೇ ನಿಜವಾದ ಪಾಠ ಇರುವುದು, ಕಾಲು ಆಗಲೇ ಭಾರವಾಗಿರುತ್ತದೆ, ಆದರೂ ರೇಸಿನ ವೇಗ ಬರಬೇಕು.

ಅಭ್ಯಾಸ ಸರಿಯಾಗಿದೆಯೋ ಇಲ್ಲವೋ ಅನ್ನುವುದನ್ನು ಗಡಿಯಾರ ಹೇಳುತ್ತದೆ. 48, 48, 49 ಬಂದರೆ ಚೆನ್ನಾಗಿದೆ. 47, 50 ಬಂದರೆ ಮೊದಲನೆಯದನ್ನೇ ಜೋರಾಗಿ ಓಡಿದ್ದಾನೆ, ಮೂರನೆಯದನ್ನು ಓಡಿಸದೆ ಮನೆಗೆ ಕಳಿಸಿ. ಹೆಜ್ಜೆಯ ಸದ್ದನ್ನೂ ಕೇಳಿಸಿಕೊಳ್ಳಿ. ಪಾದ ನೆಲಕ್ಕೆ ಪಟಪಟ ಬಡಿಯಲು ಶುರುವಾಗಿ ತಲೆ ಹಿಂದಕ್ಕೆ ವಾಲಿದರೆ ಅವತ್ತಿಗೆ ಮುಗಿಯಿತು. ಮುಂದಿನ ಎರಡು ದಿನ ಹಗುರದ ಓಟ ಮಾತ್ರ. ಐದು, ಆರನೇ ಕ್ಲಾಸಿನ ಮಕ್ಕಳಿಗೆ ದಯವಿಟ್ಟು ಇದು ಬೇಡ. ಪ್ರಾಯಕ್ಕೆ ಬರುವ ಮೊದಲು ದೇಹ ಲ್ಯಾಕ್ಟೇಟನ್ನೇ ದೊಡ್ಡವರಷ್ಟು ಹುಟ್ಟಿಸುವುದಿಲ್ಲ, ಇಂಥ ಅಭ್ಯಾಸದಿಂದ ಸಿಗುವ ಲಾಭವೂ ಕಡಿಮೆ. ಅವರು ಸುಮ್ನೆ ಆಟ ಆಡಲಿ, ಸಣ್ಣ ದೂರ ಜೋರಾಗಿ ಓಡಲಿ.

ಇನ್ನು ರೇಸಿನಲ್ಲಿ ಇದನ್ನು ಖರ್ಚು ಮಾಡುವ ರೀತಿ. "ಕೊನೆಯಲ್ಲಿ ಸ್ಪೀಡ್ ಏರಿಸು" ಅನ್ನುವ ಕೂಗನ್ನು ಕೇಳಿಯೇ ಇರುತ್ತೀರಿ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನ 800 ಮೀಟರ್ ಫೈನಲ್‌ನಲ್ಲಿ ಅಮೆರಿಕದ ಡೇವ್ ವಾಟಲ್ ಮೊದಲ ಸುತ್ತಿನಲ್ಲಿ ಎಲ್ಲರಿಗಿಂತ ಹಿಂದೆ ಇದ್ದು, ಕೊನೆಯಲ್ಲಿ ಎಲ್ಲರನ್ನೂ ದಾಟಿ 0.03 ಸೆಕೆಂಡಿನಿಂದ ಚಿನ್ನ ಗೆದ್ದ. ನೋಡಿದವರಿಗೆ ಅವನು ಹಾರಿ ಬಂದಂತೆ ಕಾಣುತ್ತದೆ. ಆದರೆ ಅವನ ನಾಲ್ಕೂ 200 ಮೀಟರ್‌ಗಳು 26 ಮತ್ತು 27 ಸೆಕೆಂಡಿನ ನಡುವೆಯೇ ಇದ್ದವು. ಅವನ ವೇಗ ಹೆಚ್ಚುಕಡಿಮೆ ಅಷ್ಟೇ ಇತ್ತು, ಉಳಿದವರದ್ದು ಕುಸಿಯಿತು. 2012ರ ಲಂಡನ್‌ನಲ್ಲಿ ಕೀನ್ಯಾದ ಡೇವಿಡ್ ರುಡಿಶಾ ಶುರುವಿನಿಂದಲೇ ಮುಂದಿದ್ದು 1 ನಿಮಿಷ 40.91 ಸೆಕೆಂಡಿನ ವಿಶ್ವದಾಖಲೆ ಮಾಡಿದ. ಅವನ ಮೊದಲ ಸುತ್ತು 49.28, ಎರಡನೆಯದು 51.63. ವಿಶ್ವದಾಖಲೆಯಲ್ಲೂ ಎರಡನೇ ಸುತ್ತು ನಿಧಾನವೇ, ಆದರೆ ವ್ಯತ್ಯಾಸ ಎರಡೂವರೆ ಸೆಕೆಂಡಿಗಿಂತ ಕಡಿಮೆ. ನಮ್ಮ ಹುಡುಗನ ಮೊದಲ 400 ಮತ್ತು ಎರಡನೇ 400ರ ನಡುವೆ ಇದ್ದದ್ದು 12 ಸೆಕೆಂಡ್. ಹಾಗಾಗಿ ಅವನ ಮೊದಲ ತಂತ್ರ ಆರಂಭದ 200 ಮೀಟರಿನಲ್ಲಿದೆ. ಅದನ್ನು 29ರ ಬದಲು 31ಕ್ಕೆ ಓಡಬೇಕು. ಜೊತೆಯವರು ಹತ್ತು ಮೀಟರ್ ಮುಂದೆ ಹೋದರೆ ಹೋಗಲಿ.

ಎರಡನೆಯದು ತಿರುವಿನ ಲೆಕ್ಕ. ನಮ್ಮ ಬಹಳಷ್ಟು ಶಾಲೆಗಳಲ್ಲಿ ಇರುವುದು ಸುಣ್ಣದ ಗೆರೆ ಹಾಕಿದ 200 ಮೀಟರ್ ಮಣ್ಣಿನ ಟ್ರ್ಯಾಕ್. 800 ಅಂದರೆ 4 ಸುತ್ತು, 8 ತಿರುವು. ಒಂದು ಲೇನ್ 1.22 ಮೀಟರ್ ಅಗಲ ಇದ್ದರೆ, ಒಳಗಿನವನ ಪಕ್ಕದಲ್ಲಿ ಒಂದು ಲೇನ್ ಹೊರಗೆ ಓಡುವವನಿಗೆ ಪ್ರತಿ ತಿರುವಿನಲ್ಲಿ 3.8 ಮೀಟರ್ ಜಾಸ್ತಿ ಬೀಳುತ್ತದೆ. ಎಂಟೂ ತಿರುವಿನಲ್ಲಿ ಹಾಗೇ ಓಡಿದರೆ 30 ಮೀಟರ್, ಈ ಹುಡುಗನ ವೇಗದಲ್ಲಿ ಸುಮಾರು 5 ಸೆಕೆಂಡ್. ತಿಂಗಳುಗಟ್ಟಲೆ ಅಭ್ಯಾಸ ಮಾಡಿ ಗಳಿಸಿದ್ದು ಇಲ್ಲೇ ಹೋಗುತ್ತದೆ. ತಿರುವಿನಲ್ಲಿ ಒಳಗೆರೆಯ ಹತ್ತಿರ, ಮುಂದಿನವನ ಬಲಭುಜದ ಹಿಂದೆ ಇರಬೇಕು. ದಾಟುವುದೇನಿದ್ದರೂ ನೇರ ಭಾಗದಲ್ಲಿ, ಒಂದೇ ಸಲಕ್ಕೆ, ತಿರುವು ಬರುವ ಮೊದಲು ಮುಗಿಯುವಂತೆ. ಸುತ್ತಲೂ ಹುಡುಗರು ಮುತ್ತಿಕೊಂಡು ದಾರಿ ಸಿಗದಿದ್ದರೆ ಮೊಣಕೈ ಚಾಚಿ ನುಗ್ಗಬಾರದು. ಒಂದೆರಡು ಹೆಜ್ಜೆ ನಿಧಾನಿಸಿದರೆ ಪಕ್ಕದವನು ಮುಂದೆ ಹೋಗಿ ಜಾಗ ತಾನಾಗಿ ತೆರೆಯುತ್ತದೆ.

ಬೆಳಗ್ಗೆ ಹೀಟ್ಸ್, ಮಧ್ಯಾಹ್ನ ಫೈನಲ್ ಇರುವ ಕೂಟಗಳಲ್ಲಿ ಹುಡುಗರು ಹೀಟ್ಸ್ ಮುಗಿದ ಕೂಡಲೇ ನೆಲದ ಮೇಲೆ ಮಲಗಿಬಿಡುತ್ತಾರೆ. ಎಬ್ಬಿಸಿ, ಉಸಿರು ಸರಿಯಾಗುವ ತನಕ ನಡೆಸಿ, ಆಮೇಲೆ 10 ನಿಮಿಷ ತೀರಾ ನಿಧಾನವಾಗಿ ಜಾಗಿಂಗ್ ಮಾಡಿಸಿ. ಮಧ್ಯಾಹ್ನದ ಹೊತ್ತಿಗೆ ಲ್ಯಾಕ್ಟೇಟ್ ಉಳಿದಿರುವುದಿಲ್ಲ. ಅವನನ್ನು ಕಾಡುವುದು ಬಿಸಿಲು ಮತ್ತು ಖಾಲಿ ಹೊಟ್ಟೆ. ನೆರಳಲ್ಲಿ ಕೂರಿಸಿ, ನೀರು ಕೊಡಿ, ಎರಡು ಬಾಳೆಹಣ್ಣು ಅಥವಾ ಸ್ವಲ್ಪ ಅನ್ನವನ್ನು ಫೈನಲ್‌ಗೆ ಎರಡು ಮೂರು ಗಂಟೆ ಮೊದಲೇ ತಿನ್ನಿಸಿ. ಹೀಟ್ಸ್‌ನಲ್ಲಿ ಮೊದಲ ಇಬ್ಬರಿಗೆ ಫೈನಲ್ ಅಂತಿದ್ದು, ಕೊನೆಯ ನೇರ ಭಾಗಕ್ಕೆ ಬಂದಾಗ ಮೂರನೆಯವನು ತುಂಬಾ ಹಿಂದೆ ಇದ್ದರೆ, ಅಲ್ಲಿ ಮೊದಲನೆಯವನ ಜೊತೆ ಪೈಪೋಟಿಗೆ ಇಳಿಯುವ ಅಗತ್ಯ ಇಲ್ಲ. ಇದನ್ನು ಓಟದ ಮೊದಲೇ ಅವನಿಗೆ ಹೇಳಿಟ್ಟಿರಬೇಕು.