ಹಗಲಿನ ಶನಿ, ರಾತ್ರಿಯ ಕುಜ

ಶನಿ ಕೆಟ್ಟವನು, ಗುರು ಒಳ್ಳೆಯವನು. ಜಾತಕ ನಂಬುವವರೂ ನಂಬದವರೂ ಇದನ್ನು ಒಂದೇ ಉಸಿರಲ್ಲಿ ಹೇಳುತ್ತಾರೆ. ಸಾಡೇಸಾತಿ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಮನೆಯಲ್ಲಿ ಶನಿವಾರದ ಎಳ್ಳೆಣ್ಣೆ ದೀಪ ಶುರುವಾಗುತ್ತದೆ. ಆದರೆ ಸುಮಾರು ಎರಡು ಸಾವಿರ ವರ್ಷಗಳ ಹಿಂದೆ, ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಗ್ರೀಕ್ ಭಾಷೆಯಲ್ಲಿ ಜಾತಕ ಬರೆಯುತ್ತಿದ್ದವರ ಹತ್ತಿರ ಹೋಗಿ ‘ಶನಿ ಕೆಟ್ಟವನಾ?’ ಎಂದು ಕೇಳಿದ್ದರೆ ಅವರು ಮೊದಲು ಕೇಳುತ್ತಿದ್ದ ಪ್ರಶ್ನೆ ಇದು: ಮಗು ಹುಟ್ಟಿದ್ದು ಹಗಲಲ್ಲೋ, ರಾತ್ರಿಯಲ್ಲೋ?

ಈ ಪರಂಪರೆಗೆ ಇವತ್ತು ಹೆಲೆನಿಸ್ಟಿಕ್ ಜ್ಯೋತಿಷ ಎಂದು ಹೆಸರು. ಪಶ್ಚಿಮದಲ್ಲಿ ಹಗಲು–ರಾತ್ರಿಯ ಈ ನಿಯಮ ಬಹುಪಾಲು ಮರೆತೇ ಹೋಗಿತ್ತು. 1990ರ ದಶಕದಲ್ಲಿ ಹಳೆಯ ಗ್ರೀಕ್ ಗ್ರಂಥಗಳ ಅನುವಾದ ಬರತೊಡಗಿದ ಮೇಲೆ ಮತ್ತೆ ಚಾಲ್ತಿಗೆ ಬಂತು. ನನಗೆ ಜಾತಕದಲ್ಲಿ ನಂಬಿಕೆ ಇಲ್ಲ. ಆದರೂ ಈ ನಿಯಮ ನನಗೆ ತುಂಬಾ ಇಷ್ಟ. ಯಾಕೆಂದರೆ ಇದನ್ನು ಯಾರೋ ಸುಮ್ನೆ ಹೇಳಿದ್ದಲ್ಲ, ಆ ಕಾಲದ ಭೌತವಿಜ್ಞಾನದಿಂದ ಹೆಜ್ಜೆ ಹೆಜ್ಜೆಯಾಗಿ ಕಟ್ಟಿದ್ದು. ಕಟ್ಟಿದ ರೀತಿ ನೋಡಿದರೆ, ಅದು ಎಲ್ಲಿ ಕುಸಿಯುತ್ತದೆ ಎಂಬುದೂ ಕಾಣುತ್ತದೆ.

ನಿಯಮ ಸರಳ. ಹುಟ್ಟಿದ ಹೊತ್ತಿಗೆ ಸೂರ್ಯ ದಿಗಂತದ ಮೇಲಿದ್ದರೆ ಅದು ಹಗಲು ಜಾತಕ, ಕೆಳಗಿದ್ದರೆ ರಾತ್ರಿ ಜಾತಕ. ಗ್ರಹಗಳನ್ನು ಎರಡು ಪಂಗಡ ಮಾಡಿದ್ದಾರೆ. ಹಗಲಿನ ಪಂಗಡದ ಯಜಮಾನ ಸೂರ್ಯ, ಅವನ ಕಡೆ ಗುರು ಮತ್ತು ಶನಿ. ರಾತ್ರಿಯ ಪಂಗಡಕ್ಕೆ ಚಂದ್ರ, ಅವನ ಕಡೆ ಶುಕ್ರ ಮತ್ತು ಕುಜ. ಬುಧ ಎರಡೂ ಕಡೆ ಓಡಾಡುವವನು: ಸೂರ್ಯನಿಗಿಂತ ಮೊದಲು ಹುಟ್ಟಿ ಬೆಳಗಿನಲ್ಲಿ ಕಾಣುವಾಗ ಹಗಲಿನವನು, ಸಂಜೆ ಕಾಣುವಾಗ ರಾತ್ರಿಯವನು.

ಗಮನಿಸಿ, ಪ್ರತಿ ಪಂಗಡಕ್ಕೂ ಒಂದು ಶುಭ ಗ್ರಹ, ಒಂದು ಪಾಪ ಗ್ರಹ ಸಿಕ್ಕಿದೆ. ತನ್ನ ಪಂಗಡದ ಹೊತ್ತಿನಲ್ಲಿ ಶುಭ ಗ್ರಹ ಪೂರ್ತಿ ಕೈ ಬಿಚ್ಚಿ ಕೊಡುತ್ತದೆ, ಪಾಪ ಗ್ರಹ ಹದ್ದುಬಸ್ತಿನಲ್ಲಿರುತ್ತದೆ. ಎದುರು ಪಂಗಡದ ಹೊತ್ತಿನಲ್ಲಿ ಶುಭ ಗ್ರಹದ ಕೈ ಸ್ವಲ್ಪ ಗಿಡ್ಡವಾಗುತ್ತದೆ, ಪಾಪ ಗ್ರಹ ಲಗಾಮಿಲ್ಲದೆ ಓಡುತ್ತದೆ. ಹಾಗಾಗಿ ಹಗಲು ಹುಟ್ಟಿದವರಿಗೆ ಹೆಚ್ಚು ನೆರವಾಗುವವನು ಗುರು, ಹೆಚ್ಚು ಕಾಡುವವನು ಕುಜ. ರಾತ್ರಿ ಹುಟ್ಟಿದವರಿಗೆ ನೆರವು ಶುಕ್ರನದು, ಕಾಟ ಶನಿಯದು.

ಇಲ್ಲಿ ಒಂದು ವಿಚಿತ್ರ ಇದೆ. ಶನಿ ತಣ್ಣಗಿನ, ಕತ್ತಲೆಯ ಗ್ರಹ ಅನ್ನೋದು ಗ್ರೀಕರ ನಂಬಿಕೆಯೂ ಹೌದು. ಹಾಗಿದ್ದರೆ ಅವನನ್ನು ರಾತ್ರಿಗೆ ಹಾಕಬೇಕಿತ್ತು ಅಲ್ವಾ? ಬೆಂಕಿಯಂಥ ಕುಜನನ್ನು ಹಗಲಿಗೆ? ತಿರುವುಮುರುವು ಮಾಡಿದ್ದೇಕೆ?

2ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದಲ್ಲಿದ್ದ ಟಾಲೆಮಿ ತನ್ನ ‘ಟೆಟ್ರಾಬಿಬ್ಲೋಸ್’ನ ಮೊದಲ ಭಾಗದಲ್ಲಿ ಇದಕ್ಕೆ ಕಾರಣ ಕೊಡುತ್ತಾನೆ. ಆಗಿನ ಭೌತವಿಜ್ಞಾನ ಅರಿಸ್ಟಾಟಲ್‌ನದು. ಜಗತ್ತಿನ ಎಲ್ಲಕ್ಕೂ ಬಿಸಿ, ತಂಪು, ತೇವ, ಒಣ ಎಂಬ ನಾಲ್ಕು ಗುಣಗಳೇ ಬುಡ. ಬಿಸಿ ಮತ್ತು ತೇವ ಜೀವ ಬೆಳೆಸುತ್ತವೆ, ಅತಿಯಾದ ತಂಪು ಮತ್ತು ಅತಿಯಾದ ಒಣ ಜೀವ ಕೆಡಿಸುತ್ತವೆ. ಶನಿ ಸೂರ್ಯನ ಬಿಸಿಯಿಂದ ತುಂಬಾ ದೂರ, ಅದಕ್ಕೇ ಅತಿ ತಂಪು. ಕುಜ ಸೂರ್ಯಗೋಳದ ಪಕ್ಕದಲ್ಲೇ ಇದ್ದಾನೆ, ಬಣ್ಣವೂ ಕೆಂಡದ ಹಾಗೆ, ಅದಕ್ಕೇ ಅತಿ ಒಣ. ಭೂಮಿಯಿಂದ ಏಳುವ ಆವಿಗೆ ಹತ್ತಿರ ಇರುವ ಚಂದ್ರ ತೇವದವನು. ಹಗಲು ಬಿಸಿ, ರಾತ್ರಿ ತೇವ.

ಇನ್ನು ಮುಂದಿನದು ಬಚ್ಚಲುಮನೆಯ ಲೆಕ್ಕ. ಕುದಿಯುವ ಹಂಡೆ ನೀರಿಗೆ ತಣ್ಣೀರು ಬೆರೆಸಿ ಹದ ಮಾಡುತ್ತೇವಲ್ಲ, ಹಾಗೆಯೇ ಶನಿಯ ತಂಪಿಗೆ ಹಗಲಿನ ಬಿಸಿ ಬೆರೆಸಿದರೆ ಅದು ಹದಕ್ಕೆ ಬರುತ್ತದೆ. ಕುಜನ ಒಣತನಕ್ಕೆ ರಾತ್ರಿಯ ತೇವ ಬೆರೆಸಿದರೆ ಅದೂ ಹದಕ್ಕೆ ಬರುತ್ತದೆ. ಶುಭ ಗ್ರಹಗಳಿಗೆ ಮಾತ್ರ ಸ್ವಭಾವ ಹೊಂದುವ ಹೊತ್ತು ಕೊಟ್ಟರು: ಬೆಚ್ಚಗಿನ ಗುರು ಹಗಲಿಗೆ, ತೇವದ ಶುಕ್ರ ರಾತ್ರಿಗೆ. ಅಂದರೆ ಒಳ್ಳೆಯದಕ್ಕೆ ಅದರದೇ ಗುಣ ಸೇರಿಸು, ಕೆಟ್ಟದ್ದಕ್ಕೆ ಎದುರಿನ ಗುಣ ಸೇರಿಸು. ಮೊದಲ ಸಲ ಇದನ್ನು ಓದಿದಾಗ ನನಗೆ ನಿಜಕ್ಕೂ ಖುಷಿಯಾಯಿತು. ಆಗಿನ ವೈದ್ಯರೂ ರೋಗಿಗೆ ಪಥ್ಯ ಹೇಳುತ್ತಿದ್ದದ್ದು ಹೆಚ್ಚುಕಡಿಮೆ ಇದೇ ತರ್ಕದಿಂದ.

ಒಂದು ನಿಜವಾದ ಆಕಾಶವನ್ನೇ ತೆಗೆದುಕೊಂಡು ನೋಡೋಣ. 2020ರ ಡಿಸೆಂಬರ್ 21ರ ಸಂಜೆ ನಿಮಗೆ ನೆನಪಿರಬಹುದು. ಸೂರ್ಯ ಮುಳುಗಿದ ಮೇಲೆ ನೈಋತ್ಯ ದಿಕ್ಕಿನಲ್ಲಿ ಗುರು ಮತ್ತು ಶನಿ ಬಹುತೇಕ ಅಂಟಿಕೊಂಡೇ ಕಂಡರು. ನಡುವಿನ ಅಂತರ ಒಂದು ಡಿಗ್ರಿಯ ಹತ್ತನೇ ಒಂದು ಭಾಗ, ಹುಣ್ಣಿಮೆ ಚಂದ್ರನ ಅಗಲದ ಐದನೇ ಒಂದು ಭಾಗದಷ್ಟು. ಅವತ್ತು ಬೆಂಗಳೂರಿನಲ್ಲಿ ಎರಡು ಮಕ್ಕಳು ಹುಟ್ಟಿದವು ಅಂದುಕೊಳ್ಳಿ. ಒಂದು ನಡುಹಗಲಲ್ಲಿ, ಇನ್ನೊಂದು ಅದೇ ದಿನ ನಡುರಾತ್ರಿಯಲ್ಲಿ.

ಈ ಹನ್ನೆರಡು ಗಂಟೆಯಲ್ಲಿ ರಾಶಿಚಕ್ರದ ಮೇಲೆ ಗ್ರಹಗಳು ಎಷ್ಟು ಸರಿದವು? ಶನಿ ಒಂದು ಡಿಗ್ರಿಯ ಇಪ್ಪತ್ತನೇ ಒಂದು ಭಾಗದಷ್ಟು. ಗುರು ಅದರ ಎರಡರಷ್ಟು. ಕುಜ ಕಾಲು ಡಿಗ್ರಿಯೂ ಇಲ್ಲ. ಚಂದ್ರ ಮಾತ್ರ ಆರು ಡಿಗ್ರಿ ಸರಿದ. ಅಂದರೆ ಗ್ರಹಗಳ ಪಟ್ಟಿ ಎರಡು ಮಕ್ಕಳಿಗೂ ಹೆಚ್ಚುಕಡಿಮೆ ಒಂದೇ. ಭೂಮಿ ಅರ್ಧ ಸುತ್ತು ತಿರುಗಿದ್ದರಿಂದ ಲಗ್ನ, ಅಂದರೆ ಆ ಹೊತ್ತಿಗೆ ಪೂರ್ವ ದಿಗಂತದಲ್ಲಿ ಏಳುತ್ತಿರುವ ರಾಶಿ, ಎದುರು ರಾಶಿಗೆ ಹೋಯಿತು, ಸೂರ್ಯ ನೆತ್ತಿಯ ಕಡೆಯಿಂದ ಕಾಲಡಿಗೆ ಹೋದ.

ಫಲ ಮಾತ್ರ ಅದಲುಬದಲು. ಹಗಲಿನ ಮಗುವಿಗೆ ಗುರು–ಶನಿ ಇಬ್ಬರೂ ಸ್ವಂತ ಪಂಗಡದವರು, ಮೇಲಾಗಿ ಇಬ್ಬರೂ ಸೂರ್ಯನ ಜೊತೆಯಲ್ಲೇ ದಿಗಂತದ ಮೇಲಿದ್ದಾರೆ. ಹೆಲೆನಿಸ್ಟಿಕ್ ಜ್ಯೋತಿಷಿ ಈ ಜೋಡಿಯನ್ನು ಕಂಡು ನಿಧಾನವಾದರೂ ಗಟ್ಟಿಯಾದ ಏಳಿಗೆ ಎನ್ನುತ್ತಿದ್ದ. ಅವನು ಎಚ್ಚರಿಸುತ್ತಿದ್ದದ್ದು ಕುಜನ ಬಗ್ಗೆ: ಜಗಳ, ಗಾಯ, ಜ್ವರ. ರಾತ್ರಿಯ ಮಗುವಿಗೆ ಅದೇ ಶನಿ ಎದುರು ಪಂಗಡದವನು, ಪಕ್ಕದಲ್ಲಿ ಗುರು ಇದ್ದರೂ ಅವನ ಕೈಯೂ ಗಿಡ್ಡ. ಆಗ ಅಡೆತಡೆ, ಒಂಟಿತನ, ತಡವಾಗುವ ಕೆಲಸ ಎಂದೆಲ್ಲ ಬರೆಯುತ್ತಿದ್ದ. ಪಶ್ಚಿಮದ ಆಕಾಶದಲ್ಲಿ ಇನ್ನೂ ಬೆಳಗುತ್ತಿದ್ದ ಕುಜ ಈ ಮಗುವಿಗೆ ಧೈರ್ಯ ಕೊಡುವವನಾಗುತ್ತಿದ್ದ. ರಾಶಿ, ಭಾವ, ದೃಷ್ಟಿ ಎಲ್ಲ ಸೇರಿಸಿಯೇ ಅವನು ಕೊನೆಯ ಮಾತು ಹೇಳುತ್ತಿದ್ದ, ಅದು ಬೇರೆ. ಆದರೆ ಯಾರು ಮಿತ್ರ, ಯಾರಿಂದ ತೊಂದರೆ ಎಂಬುದು ಮೊದಲೇ ತೀರ್ಮಾನವಾಗಿರುತ್ತಿತ್ತು.

ಇಷ್ಟು ಭಾರವನ್ನು ದಿಗಂತದ ಒಂದು ಗೆರೆಯ ಮೇಲೆ ಹೊರಿಸಿದ್ದಾರೆ. ಆ ಗೆರೆ ಎಷ್ಟು ಗಟ್ಟಿ? ಡಿಸೆಂಬರ್ 21ರಂದು ಬೆಂಗಳೂರಿನಲ್ಲಿ ಸೂರ್ಯೋದಯ ಸುಮಾರು 6:37ಕ್ಕೆ. ಆ ಗಳಿಗೆಯಲ್ಲಿ ಸೂರ್ಯನ ಮೇಲಂಚು ನಮ್ಮ ಕಣ್ಣಿಗೆ ಕಾಣುತ್ತದೆ. ಆದರೆ ಗಾಳಿ ಬೆಳಕನ್ನು ಬಗ್ಗಿಸುವುದರಿಂದ ಸೂರ್ಯ ಇರುವುದಕ್ಕಿಂತ ಅರ್ಧ ಡಿಗ್ರಿಗೂ ಜಾಸ್ತಿ ಎತ್ತರದಲ್ಲಿ ಕಾಣುತ್ತಾನೆ. ಅವನ ಬಿಂಬದ ಅರ್ಧ ಅಗಲವನ್ನೂ ಸೇರಿಸಿದರೆ, ನಡುಬಿಂದು ನಿಜವಾಗಿ ದಿಗಂತದ 50 ಕಲೆ, ಅಂದರೆ ಒಂದು ಡಿಗ್ರಿಗೆ ತುಸು ಕಡಿಮೆ, ಕೆಳಗಿರುತ್ತದೆ. ಅದು ಗೆರೆ ದಾಟುವುದಕ್ಕೆ ಇನ್ನೂ ಸುಮಾರು 4 ನಿಮಿಷ ಬೇಕು. ಹಗಲೋ ರಾತ್ರಿಯೋ ಎಂದು ಜಾತಕದ ಲೆಕ್ಕ ತೀರ್ಮಾನಿಸುವುದು ಈ ನಡುಬಿಂದುವಿನ ನಿಜವಾದ ಜಾಗದಿಂದ. ಹಾಗಾಗಿ 6:39ಕ್ಕೆ ಹುಟ್ಟಿದ ಮಗುವಿಗೆ ಕಿಟಕಿಯಲ್ಲಿ ಸೂರ್ಯ ಕಾಣುತ್ತಿದ್ದರೂ ಜಾತಕ ರಾತ್ರಿಯದು ಎನ್ನುತ್ತದೆ. ಎರಡು ನಿಮಿಷ ಕಳೆದರೆ ಶನಿ ಮಿತ್ರ. ಆಸ್ಪತ್ರೆಯ ಗೋಡೆ ಗಡಿಯಾರ ಎರಡು ನಿಮಿಷ ಹಿಂದೆ–ಮುಂದೆ ಇರುವುದು ಯಾರಿಗೆ ಗೊತ್ತಿಲ್ಲ? ನಾರ್ವೆಯ ಟ್ರೊಮ್ಸೋದಂಥ ಊರಲ್ಲಿ ಇನ್ನೂ ಕಷ್ಟ. ಅಲ್ಲಿ ಜೂನ್ ಪೂರ್ತಿ ಸೂರ್ಯ ಮುಳುಗುವುದಿಲ್ಲ, ಹುಟ್ಟಿದವರೆಲ್ಲರದೂ ಹಗಲು ಜಾತಕ. ನೈಲ್ ನದಿಯ ಬಯಲಲ್ಲಿ ಕೂತು ನಿಯಮ ಮಾಡಿದವರಿಗೆ ಇಂಥ ಜಾಗದ ಚಿಂತೆ ಬರುವ ಹಾಗಿರಲಿಲ್ಲ.

ಬುಡದ ಭೌತವಿಜ್ಞಾನಕ್ಕೆ ಬಂದರೆ ಏಟು ಇನ್ನೂ ಜೋರು. ಕೆಂಡದಂಥ ಕುಜನ ನೆಲದಲ್ಲಿ ಸರಾಸರಿ ತಾಪ ಸೊನ್ನೆಗಿಂತ ಸುಮಾರು 60 ಡಿಗ್ರಿ ಸೆಲ್ಸಿಯಸ್ ಕೆಳಗೆ. ಕೆಂಪಿಗೆ ಕಾರಣ ಕಬ್ಬಿಣದ ತುಕ್ಕು. ತೇವದ ತಾಯಿ ಎನಿಸಿದ್ದ ಶುಕ್ರನ ಮೇಲ್ಮೈ ಸುಮಾರು 460 ಡಿಗ್ರಿ, ನೀರಿನ ಹನಿಯಿಲ್ಲ. ಬೆರೆಸಿ ಹದ ಮಾಡಲು ಆ ಗುಣಗಳೇ ಅಲ್ಲಿಲ್ಲ. ಹಗಲಿನ ಬಿಸಿಗೆ ಶನಿಯ ತಂಪು ಬೆರೆಯುತ್ತದೆ ಎಂಬ ಮಾತಿಗೆ ಇವತ್ತು ಯಾವ ಅರ್ಥವೂ ಉಳಿದಿಲ್ಲ.

ನಮ್ಮ ಕಡೆಯ ಸಾಕ್ಷಿ ಒಂದಿದೆ, ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಅದೇ. ಗ್ರೀಕರ ಹೋರಾಶಾಸ್ತ್ರ ಭಾರತಕ್ಕೆ ಬಂದದ್ದು ಗೊತ್ತಿರುವ ವಿಷಯ, 6ನೇ ಶತಮಾನದ ವರಾಹಮಿಹಿರ ಯವನರನ್ನು ಹೆಸರು ಹಿಡಿದೇ ನೆನೆಯುತ್ತಾನೆ. ಅವನ ‘ಬೃಹಜ್ಜಾತಕ’ದಲ್ಲೂ ಹಗಲು–ರಾತ್ರಿಯ ಬಲದ ಲೆಕ್ಕ ಇದೆ. ಆದರೆ ಅಲ್ಲಿ ರಾತ್ರಿಯಲ್ಲಿ ಬಲಶಾಲಿಗಳು ಚಂದ್ರ, ಕುಜ ಮತ್ತು ಶನಿ. ಹಗಲಲ್ಲಿ ಸೂರ್ಯ, ಗುರು ಮತ್ತು ಶುಕ್ರ. ಬುಧ ಯಾವಾಗಲೂ. ಶನಿ ಮತ್ತು ಶುಕ್ರ ಜಾಗ ಬದಲಿಸಿಕೊಂಡಿದ್ದಾರೆ! ನಮ್ಮ ಜ್ಯೋತಿಷಿಗಳು ಷಡ್ಬಲ, ಅಂದರೆ ಗ್ರಹಗಳ ಆರು ಬಗೆಯ ಬಲದ ಲೆಕ್ಕ ಹಾಕುವಾಗ ಇವತ್ತಿಗೂ ಇದೇ ಹಂಚಿಕೆ ಹಿಡಿಯುತ್ತಾರೆ. ಬಲ ಬೇರೆ, ಒಳ್ಳೆಯತನ ಬೇರೆ ಎಂದು ಯಾರಾದರೂ ವಾದಿಸಬಹುದು, ಅದರಲ್ಲಿ ಹುರುಳಿದೆ. ಆದರೆ ‘ಇದು ಯಾರ ಹೊತ್ತು’ ಎಂಬ ಪ್ರಶ್ನೆಗೆ ಎರಡು ಪರಂಪರೆಗಳೂ ಪಟ್ಟಿ ಕೊಟ್ಟಿವೆ, ಪಟ್ಟಿಗಳು ಹೊಂದುವುದಿಲ್ಲ. ಒಂದೂವರೆ ಸಾವಿರ ವರ್ಷ ಎರಡೂ ಕಡೆಯವರು ಜಾತಕ ನೋಡಿದ್ದಾರೆ. ಶನಿಯ ನಿಜವಾದ ಪ್ರಭಾವ ಕಣ್ಣಿಗೆ ಬೀಳುವಂತಿದ್ದರೆ ಯಾರಾದರೂ ಒಬ್ಬರು ತಮ್ಮ ಪಟ್ಟಿ ತಿದ್ದಿಕೊಳ್ಳಬೇಕಿತ್ತು.

ಹಾಗಾದರೆ ಪರೀಕ್ಷೆ ಮಾಡಿಬಿಡೋಣ, ಹಗಲು ಹುಟ್ಟಿದ ಸಾವಿರ ಜನ, ರಾತ್ರಿ ಹುಟ್ಟಿದ ಸಾವಿರ ಜನರ ಬದುಕು ಹೋಲಿಸೋಣ ಎನ್ನುವವರು ಒಂದು ತೊಡಕು ಗಮನಿಸಬೇಕು. ಹೆರಿಗೆಯ ಹೊತ್ತು ಲಾಟರಿ ಎತ್ತಿದ ಹಾಗೆ ಹಂಚಿಕೆಯಾಗಿಲ್ಲ. ಇಂಗ್ಲೆಂಡಿನಲ್ಲಿ 2005ರಿಂದ 2014ರವರೆಗಿನ 50 ಲಕ್ಷಕ್ಕೂ ಹೆಚ್ಚು ಹೆರಿಗೆಗಳನ್ನು ನೋಡಿದ ಅಧ್ಯಯನದಲ್ಲಿ, ತಾನಾಗಿ ನೋವು ಬಂದು ಸಹಜವಾಗಿ ಆದ ಹೆರಿಗೆಗಳು ಬೆಳಗಿನ ಜಾವ 4ರ ಸುಮಾರಿಗೆ ಅತಿ ಹೆಚ್ಚಿದ್ದವು. ಮೊದಲೇ ದಿನ ಗೊತ್ತು ಮಾಡಿದ ಸಿಸೇರಿಯನ್‌ಗಳು ವಾರದ ಕೆಲಸದ ದಿನಗಳ ಬೆಳಗಿನ ಹೊತ್ತಿನಲ್ಲೇ ಗುಂಪಾಗಿದ್ದವು. ಸಿಸೇರಿಯನ್ ಯಾರಿಗೆ ಆಗುತ್ತದೆ ಎಂಬುದರಲ್ಲಿ ತಾಯಿಯ ವಯಸ್ಸು, ಆರೋಗ್ಯ, ಎಷ್ಟೋ ಕಡೆ ಮನೆಯ ಹಣಕಾಸು ಎಲ್ಲ ಸೇರಿರುತ್ತದೆ. ನಮ್ಮಲ್ಲಂತೂ ಪಂಚಾಂಗ ನೋಡಿ ಆಪರೇಷನ್‌ಗೆ ಗಳಿಗೆ ಕೇಳುವ ಮನೆಗಳೂ ಇವೆ. ಹೀಗಾಗಿ ಹಗಲು ಜಾತಕದ ಗುಂಪಿನಲ್ಲಿ ಏನಾದರೂ ವ್ಯತ್ಯಾಸ ಕಂಡರೆ, ಶನಿಯ ಹೆಸರು ಎತ್ತುವ ಮೊದಲು ಸಿಸೇರಿಯನ್ ಮಕ್ಕಳನ್ನೂ ನೋವು ಬರಿಸಿ ಹೆರಿಗೆ ಮಾಡಿಸಿದವರನ್ನೂ ಪಟ್ಟಿಯಿಂದ ತೆಗೆದು, ತಾಯಂದಿರ ವಯಸ್ಸು ಸರಿದೂಗಿಸಿ, ಮತ್ತೆ ಎಣಿಸಬೇಕು.